ಕತೆ ಕಿವಿಗೆ, ಫೋನು ಬೋರಲು

ಪ್ಲೇ ಸ್ಟೋರ್‌ನಲ್ಲಿ ‘ಕನ್ನಡ ಮಕ್ಕಳ ಕತೆಗಳು’ ಎಂದು ಹುಡುಕಿದರೆ ಆ್ಯಪ್‌ಗಳಿಗೇನೂ ಬರವಿಲ್ಲ. ಪಂಚತಂತ್ರ, ತೆನಾಲಿ ರಾಮ, ಅಕ್ಬರ್-ಬೀರಬಲ್, ನೀತಿಕತೆಗಳು ಒಂದರ ಕೆಳಗೊಂದು ಸಾಲುಗಟ್ಟಿ ನಿಲ್ಲುತ್ತವೆ. ಇಳಿಸಿಕೊಂಡು ತೆರೆದಾಗ ಹಲವದರ ಬಣ್ಣ ಬಯಲಾಗುತ್ತದೆ. ಪುಟ ತುಂಬ ಬರಹ, ಅದರ ಬುಡದಲ್ಲಿ ಮಿಣುಕುವ ಜಾಹೀರಾತಿನ ಪಟ್ಟಿ, ಒಂದು ಕತೆ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಇಡೀ ಪರದೆಯನ್ನು ನುಂಗಿ ಗದ್ದಲ ಎಬ್ಬಿಸುವ ಯಾವುದೋ ಆಟದ ವಿಡಿಯೊ. ಅಕ್ಷರ ಬಾರದ ನಾಲ್ಕು ವರ್ಷದ ಮಗುವಿಗೆ ಆ ಬರಹದಿಂದ ಏನೂ ಸಿಗುವುದಿಲ್ಲ. ಆಗಷ್ಟೇ ಕಣ್ಣು ಎಳೆಯುತ್ತಿದ್ದ ಮಗು ಆ ವಿಡಿಯೊ ನೋಡಿ ಎದ್ದು ಕೂರುತ್ತದೆ.

ಮಕ್ಕಳ ಆ್ಯಪ್‌ಗಳಲ್ಲಿ ಜಾಹೀರಾತು ಎಷ್ಟು ಹೊಕ್ಕಿದೆ ಎಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಐದು ವರ್ಷದೊಳಗಿನ ಮಕ್ಕಳ 135 ಆ್ಯಪ್‌ಗಳನ್ನು ಅವರು ಆಡಿ ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ 95ರಷ್ಟು ಆ್ಯಪ್‌ಗಳಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ದುಡ್ಡು ಕೊಟ್ಟು ಕೊಂಡವೂ ಇದಕ್ಕೆ ಹೊರತಾಗಿರಲಿಲ್ಲ. ಅವರು ಎಣಿಸಿದ್ದು ಪಟ್ಟಿ ಮತ್ತು ವಿಡಿಯೊಗಳನ್ನಷ್ಟೇ ಅಲ್ಲ. ಬೀಗದ ಚಿತ್ರ ಹಾಕಿ ‘ಪೂರ್ತಿ ಆವೃತ್ತಿ ಕೊಳ್ಳಿ’ ಎನ್ನುವುದು, ಆಟದ ಪಾತ್ರವೇ ಬಂದು ಕೊಳ್ಳಲು ಪುಸಲಾಯಿಸುವುದು ಕೂಡ ಅವರ ಲೆಕ್ಕದಲ್ಲಿ ಜಾಹೀರಾತೇ. ಅದು ಸರಿಯಾದ ಲೆಕ್ಕ. ಬೀಗ ಹಾಕಿದ ಆನೆಯ ಕತೆಯೇ ಬೇಕೆಂದು ರಾತ್ರಿ ಒಂಬತ್ತೂವರೆಗೆ ರಚ್ಚೆ ಹಿಡಿದ ಮಗುವನ್ನು ಸಮಾಧಾನ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಇಳಿಸಿಕೊಳ್ಳುವ ಮೊದಲೇ ನೋಡಬೇಕಾದದ್ದು ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಹೆಸರಿನ ಹತ್ತಿರ ಸಣ್ಣಕ್ಷರದಲ್ಲಿರುವ ಎರಡು ಮಾತುಗಳನ್ನು. `Contains ads` ಎಂದಿದ್ದರೆ ಜಾಹೀರಾತು ಇದೆ. `In-app purchases` ಎಂದಿದ್ದರೆ ಒಳಗೆ ಬೀಗಗಳಿರಬಹುದು. ಮಕ್ಕಳ ಆ್ಯಪ್‌ಗಳಿಗೆ ಗೂಗಲ್ ಪ್ರತ್ಯೇಕ ನಿಯಮ ಮಾಡಿದೆ ನಿಜ. ಬಳಕೆಗೆ ಅಡ್ಡ ಬರುವ ಜಾಹೀರಾತನ್ನು ಐದು ಸೆಕೆಂಡಿನ ನಂತರ ಮುಚ್ಚಲು ಸಾಧ್ಯವಾಗಬೇಕು ಎನ್ನುತ್ತದೆ ಆ ನಿಯಮ. ಆದರೆ ಮೂಲೆಯ ಗುಣಾಕಾರ ಚಿಹ್ನೆಯನ್ನು ಹುಡುಕಿ ಒತ್ತುವುದು ದೊಡ್ಡವರ ಕೆಲಸ. ಮಗುವಿನ ಬೆರಳು ಚಿತ್ರದ ನಡುವಿಗೇ ಹೋಗುತ್ತದೆ, ಜಾಹೀರಾತು ತೆರೆದುಕೊಳ್ಳುತ್ತದೆ.

ಇನ್ನೊಂದು ಪರೀಕ್ಷೆಗೆ ಐದು ನಿಮಿಷ ಸಾಕು. ಮಗು ಹತ್ತಿರ ಇಲ್ಲದಾಗ ಆ್ಯಪ್‌ನಲ್ಲಿ ಒಂದು ಕತೆಯನ್ನು ಇಳಿಸಿಕೊಂಡು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಕತೆ ಆಗಲೂ ಕೇಳಿಸಿದರೆ ಆ ಆ್ಯಪ್ ಮಲಗುವ ಕೋಣೆಗೆ ಬರಬಹುದು. ಹೆಚ್ಚಿನ ಜಾಹೀರಾತುಗಳು ಅಂತರ್ಜಾಲದಿಂದ ಆ ಕ್ಷಣಕ್ಕೆ ಬರುವಂಥವು, ಸಂಪರ್ಕ ಕಡಿದರೆ ನಿಲ್ಲುತ್ತವೆ. ಮೊದಲೇ ಫೋನಿಗೆ ಇಳಿದಿರುವ ಒಂದೆರಡು ಮಾತ್ರ ಉಳಿದಿರಬಹುದು. ಸಂಪರ್ಕವಿಲ್ಲದೆ ತೆರೆಯುವುದೇ ಇಲ್ಲ ಎಂದು ಹಟ ಹಿಡಿಯುವ ಕತೆಯ ಆ್ಯಪ್ ಅನ್ನು ತೆಗೆದುಹಾಕಿದರೆ ನಷ್ಟವಿಲ್ಲ.

ಹಾಗಾದರೆ ಕನ್ನಡದಲ್ಲಿ ಎಲ್ಲಿಂದ ಶುರು ಮಾಡಬೇಕು? ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಸದ್ಯಕ್ಕೆ ಎಲ್ಲಕ್ಕಿಂತ ಭರವಸೆಯ ಜಾಗ. storyweaver.org.in ತೆರೆದು ಭಾಷೆ ಕನ್ನಡ ಎಂದು ಆರಿಸಿದರೆ ಚಿತ್ರಪುಸ್ತಕಗಳ ದೊಡ್ಡ ರಾಶಿಯೇ ಸಿಗುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಇದು ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ, ಮಗುವಿನ ಗಮನವನ್ನು ಮಾರಿ ಬದುಕಬೇಕಾದ ಅಗತ್ಯ ಅದಕ್ಕಿಲ್ಲ. ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದ ಕತೆಗಳಲ್ಲಿ ಇರುವುದು ಹೆಚ್ಚೆಂದರೆ 250 ಪದ, ಎರಡನೆಯದರಲ್ಲಿ 600ರವರೆಗೆ. ಅಂಗನವಾಡಿಗೋ ನರ್ಸರಿಗೋ ಹೋಗುವ ಮಗುವಿಗೆ ಮೊದಲ ಹಂತ ಸಾಕು. ನಿಧಾನವಾಗಿ ಓದಿದರೆ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ.

ಅಲ್ಲಿರುವ ‘ರೀಡ್‌ಅಲಾಂಗ್’ ಎಂಬ ವಿಭಾಗದಲ್ಲಿ ಕತೆಯನ್ನು ಒಬ್ಬರು ಓದಿ ಹೇಳುತ್ತಾರೆ, ಓದುತ್ತಿರುವ ಪದ ಪರದೆಯ ಮೇಲೆ ಬೆಳಗುತ್ತದೆ. ಕೊರತೆ ಇರುವುದು ಇಲ್ಲೇ. ಕನ್ನಡದಲ್ಲಿ ಓದಲು ಸಿಗುವ ಪುಸ್ತಕಗಳ ಸಂಖ್ಯೆಗೆ ಹೋಲಿಸಿದರೆ ಕೇಳಲು ಸಿಗುವವು ತೀರಾ ಕಡಿಮೆ. ಮಕ್ಕಳು ಅದನ್ನು ಬೇಗ ಮುಗಿಸಿಬಿಡುತ್ತಾರೆ ಎಂದು ಹೆದರಬೇಕಾಗಿಲ್ಲ. ಈ ವಯಸ್ಸಿನವರಿಗೆ ಅದೇ ಕತೆಯನ್ನು ಹತ್ತು ರಾತ್ರಿ ಕೇಳಿದರೂ ಬೇಸರವಾಗದು. ಬೇಸರವಾಗುವುದು ದೊಡ್ಡವರಿಗೆ.

ದುಡ್ಡು ಕೊಡಲು ಸಿದ್ಧರಿರುವವರಿಗೆ ಕನ್ನಡದ ಇ-ಪುಸ್ತಕ ಮತ್ತು ಆಡಿಯೊ ಪುಸ್ತಕಗಳನ್ನು ಮಾರುವ ಮೈಲ್ಯಾಂಗ್ ಆ್ಯಪ್ ಇದೆ. ಅದು ಎಲ್ಲ ವಯಸ್ಸಿನವರ ಪುಸ್ತಕದಂಗಡಿ. ಹಾಗಾಗಿ ಕತೆ ಆರಿಸುವ ಕೆಲಸ ದೊಡ್ಡವರದ್ದೇ ಆಗಬೇಕು, ಕೊಳ್ಳುವ ಮೊದಲು ಓದುವವರ ದನಿಯನ್ನು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ದನಿಯ ಮಾತು ಬಂದಿದ್ದಕ್ಕೆ ಹೇಳಬೇಕು. ಯಂತ್ರದಿಂದ ಓದಿಸಿದ ಕನ್ನಡ ಈಗ ಕತೆಯ ಆ್ಯಪ್‌ಗಳಲ್ಲೂ ವಿಡಿಯೊಗಳಲ್ಲೂ ಧಾರಾಳವಾಗಿದೆ. ಉಚ್ಚಾರ ಶುದ್ಧವಾಗಿದ್ದರೂ ಅದು ಸಿಕ್ಕಿಬೀಳುವುದು ಸಂಭಾಷಣೆಯಲ್ಲಿ. ಹುಲಿಯೂ ಇಲಿಯೂ ಒಂದೇ ರಾಗದಲ್ಲಿ ಮಾತಾಡುತ್ತವೆ. ‘ಆಮೇಲೆ ಏನಾಯ್ತು ಗೊತ್ತಾ?’ ಎಂದು ಕೇಳಿ ಮನುಷ್ಯರು ನಿಲ್ಲುವ ಜಾಗದಲ್ಲಿ ಯಂತ್ರ ನಿಲ್ಲದೆ ಮುಂದಕ್ಕೆ ಓಡುತ್ತದೆ. ಕತೆಯಲ್ಲಿ ‘ಒಂದು ರಾಜ’, ‘ಎರಡು ಹುಡುಗರು’ ಎಂದು ಕಿವಿಗೆ ಬಿದ್ದರೆ ಅನುವಾದವನ್ನೂ ಯಂತ್ರವೇ ಮಾಡಿದೆ ಎಂದು ಅನುಮಾನಿಸಬಹುದು. ಮಾತು ಕಲಿಯುವ ವಯಸ್ಸಿನ ಮಗು ಅದನ್ನೇ ತಿರುಗಿ ಹೇಳುತ್ತದೆ.

ಒಳ್ಳೆಯ ಆ್ಯಪ್ ಸಿಕ್ಕಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅದು ಪರದೆ. ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿಸಿ ನೋಡಿದರು. ನಿದ್ದೆಯನ್ನು ಕರೆಯುವ ಮೆಲಟೋನಿನ್ ಹಾರ್ಮೋನು ಆ ಮಕ್ಕಳಲ್ಲಿ ಸುಮಾರು ಶೇ 88ರಷ್ಟು ಕುಗ್ಗಿತ್ತು. ಬೆಳಕು ಆರಿಸಿದ ಮೇಲೂ ಅದು ಕೂಡಲೇ ಚೇತರಿಸಿಕೊಳ್ಳಲಿಲ್ಲ. ಫೋನಿನ ಬೆಳಕು ಅಷ್ಟು ಪ್ರಖರವಲ್ಲ, ಮಕ್ಕಳ ಸಂಖ್ಯೆಯೂ ಸಣ್ಣದು. ಆದರೂ ಎಳೆಯ ಕಣ್ಣುಗಳಿಗೆ ರಾತ್ರಿಯ ಬೆಳಕು ಎಷ್ಟು ಬೇಗ ತಟ್ಟುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಹಾಗೆಂದು ಚಿತ್ರವೇ ಬೇಡ, ಬರೀ ದನಿ ಸಾಕು ಎಂದುಬಿಡಬಹುದೇ? ಅದೂ ಪೂರ್ತಿ ಸರಿಯಲ್ಲ. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ವೈದ್ಯ ಜಾನ್ ಹಟನ್ ಅವರ ತಂಡ ನಾಲ್ಕು ವರ್ಷದ ಆಸುಪಾಸಿನ 27 ಮಕ್ಕಳಿಗೆ ಕತೆಗಳನ್ನು ಮೂರು ರೀತಿಯಲ್ಲಿ ಕೊಟ್ಟು, ಎಂಆರ್‌ಐ ಯಂತ್ರದಲ್ಲಿ ಅವರ ಮಿದುಳನ್ನು ಗಮನಿಸಿತು. ಬರೀ ದನಿ ಕೇಳಿದಾಗ ಕತೆಯನ್ನು ಹಿಡಿಯಲು ಮಕ್ಕಳು ಹೆಣಗಿದರು. ಕಾರ್ಟೂನ್ ಆಗಿ ತೋರಿಸಿದಾಗ ಕಣ್ಣಿಗೆ ಭರಪೂರ ಕೆಲಸ ಸಿಕ್ಕಿತು, ಮಿದುಳಿನ ಭಾಗಗಳ ನಡುವಿನ ಹೊಂದಾಣಿಕೆ ಮಾತ್ರ ತಗ್ಗಿತು. ಅಲುಗಾಡದ ಚಿತ್ರದ ಜತೆ ದನಿ ಇದ್ದಾಗಲೇ ನೋಡುವುದು, ಕೇಳುವುದು, ಕಲ್ಪಿಸಿಕೊಳ್ಳುವುದು ಹದವಾಗಿ ಒಟ್ಟಿಗೆ ನಡೆದವು.

ಈ ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಮನೆಯಲ್ಲಿ ಮಾಡಬಹುದಾದ ಏರ್ಪಾಟು ತಾನೇ ಹೊಳೆಯುತ್ತದೆ. ಸ್ಟೋರಿವೀವರ್‌ನಲ್ಲಿ ಪ್ರಥಮ್ ಬುಕ್ಸ್‌ನ ‘ಗುಡ್‌ನೈಟ್, ಟಿಂಕು!’ ಎಂಬ ಪುಸ್ತಕವಿದೆ, ಬರೆದವರು ಪ್ರೀತಿ ನಂಬಿಯಾರ್. ನಿದ್ದೆ ಬಾರದ ನಾಯಿಮರಿಯೊಂದು ರಾತ್ರಿ ಹೊತ್ತು ಎಚ್ಚರವಿರುವ ಪ್ರಾಣಿಗಳನ್ನು ಭೇಟಿಯಾಗುವ ಕತೆ ಅದು, ಈ ಹೊತ್ತಿಗೆ ಹೇಳಿ ಮಾಡಿಸಿದ್ದು. ಸಂಜೆ ಊಟಕ್ಕೆ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಚಿತ್ರಗಳನ್ನು ಒಂದೊಂದಾಗಿ ತೋರಿಸಿ. ‘ಇದ್ಯಾರು? ಎಲ್ಲಿಗೆ ಹೊರಟಿದ್ದಾನೆ?’ ಎಂದು ಮಾತಾಡಿಸಿ. ಮಲಗುವಾಗ ದೀಪ ಆರಿಸಿ, ಅದೇ ಕತೆಯ ದನಿಯನ್ನು ಹಚ್ಚಿ ಫೋನನ್ನು ದಿಂಬಿನಿಂದ ದೂರ ಬೋರಲು ಹಾಕಿ. ಸಂಜೆ ಕಂಡ ಚಿತ್ರ ಮನಸ್ಸಿನಲ್ಲಿರುವುದರಿಂದ ಮಗುವಿಗೆ ಕತೆ ತಪ್ಪಿಹೋಗುವುದಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗುವ ‘ಆಟೊಪ್ಲೇ’ಯನ್ನು ಆರಿಸಿಡುವುದನ್ನು ಮರೆಯಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಬೋರಲು ಬಿದ್ದ ಫೋನು ಆ ಗಂಟೆಯನ್ನು ತಿನ್ನುವುದಿಲ್ಲ.

ಬೇಕಾದ ಕತೆಗೆ ಕನ್ನಡದ ದನಿಯೇ ಇಲ್ಲದಿದ್ದರೆ? ಸ್ಟೋರಿವೀವರ್‌ನ ನಿಜವಾದ ಲಾಭ ಆಗ ಗೊತ್ತಾಗುತ್ತದೆ. ಅಲ್ಲಿಯ ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿವೆ. ಯಾರ ಅಪ್ಪಣೆಯೂ ಇಲ್ಲದೆ ಅವುಗಳನ್ನು ಓದಿ, ಧ್ವನಿಮುದ್ರಿಸಿ, ಹಂಚಬಹುದು. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ, ಪ್ರಕಟಿಸಿದವರ ಹೆಸರನ್ನೂ ಪರವಾನಗಿಯನ್ನೂ ಹೇಳಬೇಕು, ಅಷ್ಟೇ. ಅಂಗಡಿಯಲ್ಲಿ ಕೊಂಡ ಮಕ್ಕಳ ಪುಸ್ತಕವನ್ನು ಹೀಗೆ ಓದಿ ಊರಿಗೆಲ್ಲ ಹಂಚುವಂತಿಲ್ಲ.

ಶಿವಮೊಗ್ಗದಲ್ಲಿ ಅಜ್ಜಿ, ನ್ಯೂಜೆರ್ಸಿಯಲ್ಲಿ ಮೊಮ್ಮಗಳು ಎಂದಿಟ್ಟುಕೊಳ್ಳಿ. ಅಲ್ಲಿ ಮಗು ಮಲಗುವ ಹೊತ್ತಿಗೆ ಇಲ್ಲಿ ಬೆಳಗಿನ ತಿಂಡಿಯ ಗಡಿಬಿಡಿ. ವಿಡಿಯೊ ಕರೆ ಮಾಡಿದರೆ ಮತ್ತೆ ಪರದೆಯೇ ಎದುರಿಗೆ ಬರುತ್ತದೆ. ಅದರ ಬದಲು ಅಜ್ಜಿ ಬಿಡುವಾದಾಗ ಫೋನಿನ ರೆಕಾರ್ಡರ್ ಹಚ್ಚಿ ಕತೆ ಓದಿ ಕಳಿಸಬಹುದು. ಸಾಧಾರಣ ಗುಣಮಟ್ಟದಲ್ಲಿ ಒಂದು ನಿಮಿಷದ ಧ್ವನಿಗೆ ಸುಮಾರು ಒಂದು ಎಂಬಿ ಸಾಕು, ಐದು ನಿಮಿಷದ ಕತೆ ವಾಟ್ಸ್‌ಆ್ಯಪ್‌ನಲ್ಲಿ ಕ್ಷಣದಲ್ಲಿ ತಲುಪುತ್ತದೆ. ಓದುವಾಗ ಫ್ಯಾನ್ ಆರಿಸಿ ಕಿಟಕಿ ಮುಚ್ಚಬೇಕು. ಫೋನು ಬಾಯಿಗೆ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಎದುರಿಗೆ ಹಿಡಿದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಡಬ್ ಎನ್ನುತ್ತದೆ. ಕೊನೆಯ ಪುಟ ಬರುವಾಗ ದನಿ ತಗ್ಗಿಸಿ ಓದಬೇಕು. ಅನೇಕ ಆ್ಯಪ್‌ಗಳಲ್ಲಿ ಕತೆ ಮುಗಿದ ಕೂಡಲೇ ಚಪ್ಪಾಳೆಯೋ ಬ್ಯಾಂಡಿನ ಸದ್ದೋ ಬರುವುದು ಮಲಗಿಸುವ ಲೆಕ್ಕದಲ್ಲಿ ಶುದ್ಧ ತಪ್ಪು.

ಓದುವ ಕನ್ನಡ ಮನೆಯದ್ದೇ ಇರಲಿ. ‘ಹೋದನು, ಬಂದನು’ ಎಂದು ಅಚ್ಚಾಗಿದ್ದರೆ ಧಾರವಾಡದ ಅಜ್ಜಿ ‘ಹ್ವಾದ, ಬಂದ’ ಎನ್ನಲಿ, ಮಂಡ್ಯದ ತಾತ ‘ಓದ, ಬಂದ’ ಎಂದರೂ ಸರಿ. ಪುಸ್ತಕದ ಭಾಷೆಯನ್ನು ಕಲಿಸಲು ಮುಂದೆ ಶಾಲೆ ಇದೆ.

ಸ್ಪಷ್ಟ ದನಿ ಇರುವ ಶಿಕ್ಷಕಿಯರು, ರಂಗಭೂಮಿಯವರು, ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದವರು ಕನ್ನಡ ನಾಡಿನಲ್ಲಿ ಊರಿಗಿಷ್ಟು ಜನ ಸಿಗುತ್ತಾರೆ. ಮುಕ್ತ ಪರವಾನಗಿಯ ಒಂದು ಚಿತ್ರಪುಸ್ತಕವನ್ನು ಆರಿಸಿಕೊಂಡು, ಕರ್ತೃಗಳ ಹೆಸರು ಹೇಳಿ, ನಾಲ್ಕು ನಿಮಿಷ ಓದಿ ಹಂಚಿ. ಕನ್ನಡದ ಪುಟ್ಟ ಮಕ್ಕಳಿಗೆ ಈಗ ಕೊರತೆ ಇರುವುದು ಆ್ಯಪ್‌ಗಳದ್ದಲ್ಲ, ಅವುಗಳೊಳಗೆ ಕೇಳಿಸಬೇಕಾದ ದನಿಗಳದ್ದು.