ತೈಲ ಸೊನ್ನೆಗಿಂತ ಕೆಳಗಿಳಿದ ದಿನ

2020ರ ಏಪ್ರಿಲ್ 20ರಂದು ನ್ಯೂಯಾರ್ಕ್ ಪೇಟೆಯಲ್ಲಿ ಅಮೆರಿಕದ ಕಚ್ಚಾ ತೈಲದ ಮೇ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅದೇ ತೈಲದ ಜೂನ್ ಫ್ಯೂಚರ್ಸ್ 20 ಡಾಲರ್ ಮೇಲಿತ್ತು.

ಫ್ಯೂಚರ್ಸ್ ದರ ಬರೀ ಭವಿಷ್ಯದ ಊಹೆಯಲ್ಲ. ಇಂದು ತೈಲ ಕೊಂಡು ಆರು ತಿಂಗಳು ಇಟ್ಟು ಮಾರುವವನಿಗೆ ಬಡ್ಡಿ, ಟ್ಯಾಂಕಿನ ಬಾಡಿಗೆ, ವಿಮೆಯ ಖರ್ಚು ಬೀಳುತ್ತದೆ. ಇಂದಿನ ದರ 50 ಡಾಲರ್, ಖರ್ಚು 3 ಎಂದುಕೊಳ್ಳಿ. ಆರು ತಿಂಗಳಾಚೆಯ ಫ್ಯೂಚರ್ಸ್ 56 ಆದರೆ ವರ್ತಕರು ಈಗಲೇ ತೈಲ ಕೊಂಡು, ಫ್ಯೂಚರ್ಸ್ ಮಾರಿ, 3 ಡಾಲರ್ ಲಾಭ ಖಚಿತಪಡಿಸಿಕೊಳ್ಳುತ್ತಾರೆ. ಆ ಕೊಳ್ಳುವಿಕೆ, ಮಾರಾಟದಲ್ಲೇ ಅಂತರ 3ರತ್ತ ಕುಗ್ಗುತ್ತದೆ. ಮುಂದಿನ ದರ ಹೀಗೆ ಮೇಲಿರುವ ಸ್ಥಿತಿಯೇ ಕಾಂಟ್ಯಾಂಗೊ.

ಈ ಲೆಕ್ಕ ನಡೆಯಲು ಖಾಲಿ ಟ್ಯಾಂಕ್ ಬೇಕು. ಕೋವಿಡ್‌ನಿಂದ ಬಳಕೆ ಕುಸಿದಾಗ, ಸರಕು ಒಪ್ಪಿಸುವ ತಾಣವಾದ ಒಕ್ಲಹೋಮಾದ ಕುಶಿಂಗ್‌ನಲ್ಲಿ ಬಾಡಿಗೆಗೆ ಜಾಗವೇ ಸಿಗಲಿಲ್ಲ. ತೈಲ ಇಳಿಸಿಕೊಳ್ಳಲಾಗದವರು ಹಣ ಕೊಟ್ಟು ಒಪ್ಪಂದ ಸಾಗಹಾಕಿದರು. ನಮ್ಮ ಎಂಸಿಎಕ್ಸ್‌ನಲ್ಲೂ ಏಪ್ರಿಲ್ ಒಪ್ಪಂದ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು.

ಕೊರತೆಯಿದ್ದಾಗ ಎಲ್ಲ ತಿರುಗುಮುರುಗು. ಸಂಸ್ಕರಣಾಗಾರ ನಿಲ್ಲಬಾರದೆಂದು ಕಂಪನಿಗಳು ಇಂದಿನ ತೈಲಕ್ಕೇ ಹೆಚ್ಚು ತೆರುತ್ತವೆ. 2022ರ ಉಕ್ರೇನ್ ಯುದ್ಧದ ಆರಂಭದಲ್ಲಿ ಹಾಗಾಯಿತು. ಇದು ಬ್ಯಾಕ್‌ವರ್ಡೇಶನ್. ಈ ಅಂತರವನ್ನು ಅಳಿಸುವುದು ವರ್ತಕರಿಗೂ ಕಷ್ಟ. ಇಂದಿನ ತೈಲವನ್ನು ನಾಳೆಗೆ ಕೂಡಿಡಬಹುದು, ನಾಳೆಯದನ್ನು ಇಂದು ತರಲಾಗದು.