ಖಾನಾವಳಿಗೆ ರೊಟ್ಟಿ ಕೊಡುವ ಕರಾರು

ವಿಜಯಪುರ, ಕಲಬುರಗಿ ಕಡೆಯ ಖಾನಾವಳಿಯಲ್ಲಿ ಮಧ್ಯಾಹ್ನ ಎಣಗಾಯಿ ಪಲ್ಯ ತಯಾರಾಗಿ ರೊಟ್ಟಿ ಬಂದಿರದಿದ್ದರೆ ಊಟವೇ ನಿಂತುಬಿಡುತ್ತದೆ. ಅದಕ್ಕೇ ಸ್ವಸಹಾಯ ಸಂಘದವರು ರೊಟ್ಟಿ ಕೊಡುತ್ತೇವೆಂದು ಹೋದಾಗ ಮಾಲಕರು ಕೇಳುವ ಮೊದಲ ಮಾತು, ‘ದಿನಾ ಬರತಾವೇನ್ರಿ?’ ಬರೆದು ಕೊಡುವ ಪ್ರಸ್ತಾವ ಈ ಪ್ರಶ್ನೆಗೆ ಉತ್ತರವಾಗಿರಬೇಕು.

ಸ್ಯಾಂಪಲ್‌ಗೆಂದು ವಿಶೇಷವಾಗಿ ಬಡಿದ ರೊಟ್ಟಿ ಒಯ್ದರೆ ಮುಂದೆ ತೊಂದರೆ. ಮಾಮೂಲಿ ದಿನದ ರಾಶಿಯಿಂದಲೇ ಇಪ್ಪತ್ತು ರೊಟ್ಟಿ ತೆಗೆದು, ಮೆತ್ತನ್ನವು ಹತ್ತು, ಖಡಕ್ ಹತ್ತು ಕೊಡುವುದು ಒಳ್ಳೆಯದು. ಮೆತ್ತನ್ನ ರೊಟ್ಟಿ ಊಟದ ಹೊತ್ತಿನವರೆಗೂ ಮಡಚಿದರೆ ಬಿರಿಯಬಾರದು. ಖಡಕ್ ರೊಟ್ಟಿಯನ್ನು ಅಡುಗೆಮನೆಯಲ್ಲೇ ಎರಡು ದಿನ ಇಟ್ಟು ನೋಡಲು ಮಾಲಕರಿಗೇ ಹೇಳಬೇಕು. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗುತ್ತದೆ. ಯಾವ ಜೋಳ ಎಂಬುದನ್ನೂ ಬರೆಯಬೇಕು. ಬಿಳಿ ಮಾಲದಂಡಿಯ ರೊಟ್ಟಿ ತಿಂದು ರೂಢಿಯಾದ ಗಿರಾಕಿ ಬೇರೆ ಜೋಳವನ್ನು ಮೊದಲ ತುತ್ತಿನಲ್ಲೇ ಹಿಡಿಯುತ್ತಾನೆ.

ದರ ಕಟ್ಟುವ ಬಗೆಯನ್ನು ಒಂದು ಲೆಕ್ಕದಲ್ಲಿ ನೋಡೋಣ. ದಿನಕ್ಕೆ 150 ರೊಟ್ಟಿ, ಕೆಜಿ ಹಿಟ್ಟಿಗೆ 15 ಎಂದಿಟ್ಟುಕೊಂಡರೆ 10 ಕೆಜಿ ಹಿಟ್ಟು ಬೇಕು. ಬೀಸುವ ಕೂಲಿ ಸೇರಿ ಕೆಜಿಗೆ ₹55 ಆದರೆ ₹550. ಇಬ್ಬರು ಹೆಣ್ಣುಮಕ್ಕಳ ಕೂಲಿ ₹600, ಉರುವಲು ಮತ್ತು ಸಾಗಣೆ ₹200. ಒಟ್ಟು ₹1,350, ಅಂದರೆ ರೊಟ್ಟಿಗೆ ₹9. ಹೆಚ್ಚಿನ ಸಂಘಗಳು ಹಿಟ್ಟು, ಉರುವಲು ಬರೆದು ತಮ್ಮ ಕೂಲಿಯನ್ನೇ ಬಿಟ್ಟುಬಿಡುತ್ತವೆ! ಮುರಿದವು, ಸುಟ್ಟವು ಲೆಕ್ಕಕ್ಕೆ ಬರುವುದರಿಂದ ₹11 ಕೇಳುವುದು ನ್ಯಾಯ. ಹಿಂಗಾರಿ ಜೋಳ ಸುಗ್ಗಿಯಾಗಿ ಮಾರುಕಟ್ಟೆಗೆ ಬಂದಾಗ ದರ ಇಳಿಯುತ್ತದೆ, ಆಮೇಲೆ ಏರುತ್ತದೆ. ಆದ್ದರಿಂದ ವರ್ಷವಿಡೀ ಒಂದೇ ದರಕ್ಕೆ ಒಪ್ಪದೆ, ಎಪಿಎಂಸಿಯ ಜೋಳದ ದರ ನೋಡಿ ಮೂರು ತಿಂಗಳಿಗೊಮ್ಮೆ ಕೂತು ಮಾತಾಡುವುದೆಂದು ಬರೆಯಬೇಕು.

ರೊಟ್ಟಿ ಬೆಳಿಗ್ಗೆ ಹನ್ನೊಂದರೊಳಗೆ ತಲುಪಬೇಕು. ಮರುದಿನ ಎಷ್ಟು ಬೇಕೆಂದು ಹಿಂದಿನ ಸಂಜೆಯೇ ಫೋನು ಬರಬೇಕು. ಸಂತೆ, ಜಾತ್ರೆಯ ದಿನ ಬೇಡಿಕೆ ಹೆಚ್ಚು. ಬಡಿಯುವವರಲ್ಲಿ ಒಬ್ಬರಿಗೆ ಜ್ವರ ಬಂದರೆ? ಒಂದು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಸದಾ ಡಬ್ಬಿಯಲ್ಲಿರುತ್ತದೆ ಎಂಬ ಒಂದು ಸಾಲು ಮಾಲಕರ ಅರ್ಧ ಅನುಮಾನ ಕಳೆಯುತ್ತದೆ. ಮುರಿದದ್ದನ್ನು ಇಳಿಸುವಾಗಲೇ ಎಣಿಸಿ ಇಬ್ಬರೂ ವಹಿಯಲ್ಲಿ ಸಹಿ ಹಾಕಬೇಕು, ಸಂಜೆ ಹೇಳಿದರೆ ನಡೆಯದು.

ಗಂಟು ಬೀಳುವುದು ಉದ್ರಿಯಲ್ಲಿ. ವಾರಕ್ಕೆ ಆರು ದಿನ ಕೊಟ್ಟರೆ ₹9,900 ಬಾಕಿಯಾಗುತ್ತದೆ. ತಿಂಗಳಾದರೆ ನಲವತ್ತು ಸಾವಿರ ದಾಟಿ, ಜೋಳ ಕೊಳ್ಳಲು ಸಂಘದ ಕೈಯಲ್ಲಿ ದುಡ್ಡಿರುವುದಿಲ್ಲ. ಪ್ರತಿ ಶನಿವಾರ ಹಣ, ಎರಡು ವಾರ ತಪ್ಪಿದರೆ ರೊಟ್ಟಿ ಬಂದ್ ಎಂಬ ಷರತ್ತು ಮೊದಲೇ ಇರಲಿ. ಉದ್ಯಮ್ ನೋಂದಣಿ ಉಚಿತ. ಅದಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಲಿಖಿತ ಕರಾರಿಲ್ಲದಿದ್ದಾಗ 15 ದಿನದಲ್ಲಿ, ಇದ್ದಾಗಲೂ ಹೆಚ್ಚೆಂದರೆ 45 ದಿನದಲ್ಲಿ ಕೊಳ್ಳುವವರು ಹಣ ಕೊಡಬೇಕು. ಕಾಯ್ದೆ ಹಿಡಿದು ಜಗಳಕ್ಕೆ ಹೋದರೆ ಗಿರಾಕಿ ಉಳಿಯುವುದು ಕಷ್ಟ, ಹಾಗಾಗಿ ಶನಿವಾರದ ವಹಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.