ಯೂಟ್ಯೂಬ್ ಶಾರ್ಟ್ಸ್ ವೀಕ್ಷಣೆಗಳ ಎಣಿಕೆ

ಯೂಟ್ಯೂಬ್ ಶಾರ್ಟ್ಸ್ ಎಂಬುದು ಮೊಬೈಲ್ ಪರದೆಗೆ ಹೊಂದುವ, ಗರಿಷ್ಠ 3 ನಿಮಿಷಗಳ ಕಿರುವಿಡಿಯೊ ಪ್ರಕಾರವಾಗಿದೆ. ಇದರ ವೀಕ್ಷಣೆಗಳನ್ನು ಎಣಿಸುವ ಕ್ರಮವು ಸಾಮಾನ್ಯ ವಿಡಿಯೊಗಳ ಕ್ರಮಕ್ಕಿಂತ ಭಿನ್ನವಾಗಿದೆ.

ಸಾಮಾನ್ಯ ವಿಡಿಯೊವನ್ನು ವೀಕ್ಷಕರು ಹೆಚ್ಚಾಗಿ ತಾವೇ ಆರಿಸಿ ತೆರೆಯುತ್ತಾರೆ. ಶಾರ್ಟ್ಸ್‌ನಲ್ಲಿ ಬೆರಳಿನಿಂದ ಪರದೆಯನ್ನು ಸರಿಸಿದೊಡನೆ ಮುಂದಿನ ವಿಡಿಯೊ ತಾನಾಗಿಯೇ ಆರಂಭವಾಗುತ್ತದೆ. ಮುಗಿದ ಬಳಿಕ ಮತ್ತೆ ಮೊದಲಿನಿಂದ ಓಡುತ್ತದೆ. ಹಿಂದೆ ಕೆಲವು ಸೆಕೆಂಡುಗಳಾದರೂ ನೋಡಿದಾಗ ಮಾತ್ರ ಅದು ವೀಕ್ಷಣೆ ಎನಿಸುತ್ತಿತ್ತು. 2025ರ ಮಾರ್ಚ್ 31ರಿಂದ ಪ್ರತಿಯೊಂದು ಆರಂಭ ಹಾಗೂ ಮರುಆರಂಭವನ್ನು ಒಂದು ವೀಕ್ಷಣೆಯಾಗಿ ಎಣಿಸಲಾಗುತ್ತಿದ್ದು, ಕನಿಷ್ಠ ಅವಧಿಯ ನಿಬಂಧನೆಯಿಲ್ಲ. ಈ ಬದಲಾವಣೆ ಸಾಮಾನ್ಯ ವಿಡಿಯೊಗಳಿಗೆ ಅನ್ವಯಿಸಲಿಲ್ಲ.

ಉದಾಹರಣೆಗೆ, ಒಂದು ಶಾರ್ಟ್ಸ್ ಐವರ ಪರದೆಯಲ್ಲಿ ಆರಂಭವಾಯಿತೆಂದು ಭಾವಿಸೋಣ. ಮೂವರು ತಕ್ಷಣವೇ ಸರಿಸಿ ಮುಂದೆ ಹೋದರು. ಇಬ್ಬರು ಒಮ್ಮೆ ಪೂರ್ಣವಾಗಿ ನೋಡಿದರು. ಸಾರ್ವಜನಿಕವಾಗಿ ಕಾಣುವ ಸಂಖ್ಯೆ 5. ಹಳೆಯ ಕ್ರಮದಲ್ಲಿ ಅದು 2 ಮಾತ್ರ ಆಗುತ್ತಿತ್ತು. ಆ ಇಬ್ಬರಲ್ಲಿ ಒಬ್ಬರ ಪರದೆಯಲ್ಲಿ ವಿಡಿಯೊ ಮತ್ತೊಮ್ಮೆ ಆರಂಭವಾದರೆ ನೋಡುಗರು ಹೆಚ್ಚದಿದ್ದರೂ ಸಂಖ್ಯೆ 6 ಆಗುತ್ತದೆ.

ಹಳೆಯ ಮಾಪನವು ‘ಎಂಗೇಜ್ಡ್ ವ್ಯೂಸ್’ ಎಂಬ ಹೆಸರಿನಲ್ಲಿ ಉಳಿದಿದೆ. ಇದು ಸಾರ್ವಜನಿಕರಿಗೆ ಕಾಣುವುದಿಲ್ಲ; ವಿಡಿಯೊ ತಯಾರಕರು ಯೂಟ್ಯೂಬ್ ಅನಲಿಟಿಕ್ಸ್‌ನ ಅಡ್ವಾನ್ಸ್ಡ್ ಮೋಡ್‌ನಲ್ಲಿ ನೋಡಬಹುದು. ಶಾರ್ಟ್ಸ್‌ನ ಆದಾಯ ಮತ್ತು ಪಾಲುದಾರಿಕೆಯ ಅರ್ಹತೆಗೆ ಇದೇ ಆಧಾರ. ಆದ್ದರಿಂದ ಸಾರ್ವಜನಿಕ ಸಂಖ್ಯೆ ಏರಿದ ಮಾತ್ರಕ್ಕೆ ಆದಾಯ ಏರುವುದಿಲ್ಲ. ಶಾರ್ಟ್ಸ್‌ನ 1 ಲಕ್ಷ ವೀಕ್ಷಣೆಗಳನ್ನು ಸಾಮಾನ್ಯ ವಿಡಿಯೊದ 1 ಲಕ್ಷ ವೀಕ್ಷಣೆಗಳಿಗೆ ಸಮವೆಂದು ಪರಿಗಣಿಸಲಾಗದು.